ಅಳಿಸಿ ಬರೆದ ರೀಡಿಂಗ್

ಈಚೆಗೆ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳ ವಿಜ್ಞಾನದ ರೆಕಾರ್ಡ್ ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದೆ. ಓಮನ ನಿಯಮದ ಪ್ರಯೋಗ. ನೈಕ್ರೋಮ್ ತಂತಿಗೆ ಒಂದು, ಎರಡು, ಮೂರು, ನಾಲ್ಕು ಸೆಲ್ ಹೀಗೆ ಜೋಡಿಸುತ್ತಾ ಹೋಗಿ, ವೋಲ್ಟ್‌ಮೀಟರು ಮತ್ತು ಅಮ್ಮೀಟರಿನ ರೀಡಿಂಗ್ ಬರೆದು, ಒಂದನ್ನು ಇನ್ನೊಂದರಿಂದ ಭಾಗಿಸಿ, ರೋಧ ಬದಲಾಗುವುದಿಲ್ಲ ಎಂದು ತೋರಿಸಬೇಕು. ಆಮೇಲೆ ತಂತಿಯ ಜಾಗದಲ್ಲಿ ಟಾರ್ಚ್ ಬಲ್ಬ್ ಹಾಕಿ ನೋಡಬೇಕು. ಎಲ್ಲ ಪುಸ್ತಕಗಳೂ ಅಚ್ಚುಕಟ್ಟು. ಒಂದರಲ್ಲಿ ಮಾತ್ರ ಬಲ್ಬಿನ ಕೋಷ್ಟಕದ ಹತ್ತಿರ ಕಾಗದ ತೆಳ್ಳಗಾಗಿತ್ತು, ರಬ್ಬರಿನಿಂದ ಜೋರಾಗಿ ಉಜ್ಜಿದ ಗುರುತು. ಬೆಳಕಿಗೆ ಹಿಡಿದರೆ ಹಳೆಯ ಅಂಕಿಗಳು ಇನ್ನೂ ಕಾಣುತ್ತಿದ್ದವು.

ಪುಸ್ತಕದ ಹುಡುಗಿಯನ್ನು ಕೇಳಿದೆ, "ಇದನ್ನ ಯಾಕಮ್ಮ ಅಳಿಸಿದೆ?"

"ಅದು ತಪ್ಪು ಬಂದಿತ್ತು ಸರ್. ಆಮೇಲೆ ಸರಿ ಮಾಡ್ದೆ."

ಸರಿ ಮಾಡಿದ ಅಂಕಿಗಳು ಹೀಗಿದ್ದವು: 1.5 ವೋಲ್ಟಿಗೆ 0.10 ಆಂಪಿಯರ್, 3.0ಕ್ಕೆ 0.20, 4.5ಕ್ಕೆ 0.30, 6.0ಕ್ಕೆ 0.40. ಯಾವುದನ್ನು ಭಾಗಿಸಿದರೂ 15 ಓಮ್. ಅಳಿಸಿದ ಅಂಕಿಗಳು ಬೇರೆ: 1.4 ವೋಲ್ಟಿಗೆ 0.14, 2.9ಕ್ಕೆ 0.20, 4.3ಕ್ಕೆ 0.25, 5.7ಕ್ಕೆ 0.29. ಭಾಗಿಸಿದರೆ 10, ಹದಿನಾಲ್ಕೂವರೆ, 17, ಸುಮಾರು 20. ರೋಧ ಏರುತ್ತಲೇ ಹೋಗಿದೆ.

ಅಳಿಸಿದ್ದೇ ಸರಿ ಇತ್ತು. ಬಲ್ಬಿನ ಒಳಗಿರುವುದು ಟಂಗ್‌ಸ್ಟನ್ ತಂತು. ಅದು ಕಾದಷ್ಟೂ ರೋಧ ಹೆಚ್ಚುತ್ತದೆ. ಪೂರ್ತಿ ಬೆಳಗುವ ಬಲ್ಬಿನ ರೋಧ ಅದೇ ಬಲ್ಬ್ ತಣ್ಣಗಿದ್ದಾಗಿನ ರೋಧದ ಸುಮಾರು ಹತ್ತು ಪಟ್ಟು ಇರುತ್ತದೆ. ನೈಕ್ರೋಮ್ ಹಾಗಲ್ಲ, ಅದು ಬಿಸಿಯಾದರೂ ಅದರ ರೋಧ ಹೆಚ್ಚು ಕದಲುವುದಿಲ್ಲ. ಮೊದಲ ಪ್ರಯೋಗಕ್ಕೆ ನೈಕ್ರೋಮ್ ಆರಿಸಿರುವುದೇ ಅದಕ್ಕೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಹುಡುಗಿ 1.5 ಬದಲು 1.4, 6.0 ಬದಲು 5.7 ಎಂದು ಬರೆದಿದ್ದಳು. ಸೆಲ್ಲಿಗೂ ಒಂದಿಷ್ಟು ಒಳರೋಧ ಇರುವುದರಿಂದ, ಪ್ರವಾಹ ಹರಿಯುವಾಗ ಅದರ ಮೇಲೆ ಅಚ್ಚಾದ ವೋಲ್ಟೇಜು ಪೂರ್ತಿ ಹೊರಗೆ ಸಿಗುವುದಿಲ್ಲ. ಅವಳು ಮುಳ್ಳನ್ನು ನಿಜವಾಗಿ ನೋಡಿ ಬರೆದಿದ್ದಳು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತರಗತಿಯಲ್ಲಿ ಬಲ್ಬಿನ ಪ್ರಯೋಗವನ್ನು ಪ್ರಾಮಾಣಿಕವಾಗಿ ಮಾಡಿದವಳು ಬಹುಶಃ ಅವಳೊಬ್ಬಳೇ. ಅದನ್ನು ಅಳಿಸಿದವಳೂ ಅವಳೇ.

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಶಾಲೆಗಳಲ್ಲಿ ಭಾಷಣಗಳು ತಯಾರಾಗುತ್ತವೆ. ಪ್ರಶ್ನೆ ಕೇಳಿ ಮಕ್ಕಳೇ, ಪ್ರಯೋಗ ಮಾಡಿ ಎಂದು ಎಲ್ಲ ವೇದಿಕೆಯಿಂದಲೂ ಹೇಳುತ್ತಾರೆ. ಆ ಮಾತು ಕೇಳಿಸಿಕೊಳ್ಳುವ ಮಗುವಿನ ಚೀಲದಲ್ಲಿ ಅಳಿಸಿ ಬರೆದ ರೆಕಾರ್ಡ್ ಇರುತ್ತದೆ. ಭಾಷಣಕ್ಕೆ ಮುಂಚೆ ಇದನ್ನು ಹೇಳಬೇಕೆಂದೇ ಈ ಸಂಪಾದಕೀಯ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ವಿಜ್ಞಾನ ದಿನದ ಭಾಷಣದಲ್ಲೂ ಅದೇ ರಬ್ಬರು ಕೆಲಸ ಮಾಡುತ್ತಿದೆ.

ಪ್ರತಿ ವರ್ಷ ಹೇಳುವ ಕಥೆ ಹೀಗೆ: ಸಿ.ವಿ. ರಾಮನ್ ಹಡಗಿನಲ್ಲಿ ಬರುತ್ತಿದ್ದರು, ಸಮುದ್ರ ನೀಲಿಯಾಗಿತ್ತು, ಯಾಕೆ ನೀಲಿ ಎಂದು ಕೇಳಿದರು, ರಾಮನ್ ಪರಿಣಾಮ ಕಂಡುಹಿಡಿದರು, ನೊಬೆಲ್ ಬಂತು. ಇದರಲ್ಲಿ ಹೇಳಿದ ಒಂದೊಂದು ಸಂಗತಿಯೂ ನಡೆದದ್ದೇ. ಆದರೆ ಹಡಗಿನ ಪ್ರಯಾಣ 1921ರದ್ದು, ಕಂಡುಹಿಡಿದದ್ದು 1928ರಲ್ಲಿ. ನಡುವಿನ ಆರೂವರೆ ವರ್ಷಗಳನ್ನು ಭಾಷಣಕಾರರು ಉಜ್ಜಿ ಹಾಕುತ್ತಾರೆ. ಪ್ರಯೋಗ ನಡೆದದ್ದು ಆ ವರ್ಷಗಳಲ್ಲಿ.

ಹಡಗಿನಲ್ಲಿ ನಡೆದದ್ದನ್ನೇ ಮೊದಲು ನೋಡೋಣ. 1921ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಎಸ್.ಎಸ್. ನರ್ಕುಂಡ ಹಡಗಿನಲ್ಲಿ ವಾಪಸಾಗುವಾಗ ರಾಮನ್ ಕೇವಲ ಪ್ರಶ್ನೆ ಕೇಳಿ ಸುಮ್ಮನಾಗಲಿಲ್ಲ. ಸಮುದ್ರದ ನೀಲಿ ಆಕಾಶದ ನೀಲಿಯ ಪ್ರತಿಫಲನ ಎಂದು ದೊಡ್ಡ ಭೌತವಿಜ್ಞಾನಿ ರ‍್ಯಾಲೆ ಹೇಳಿದ್ದರು, ಎಲ್ಲರೂ ಒಪ್ಪಿದ್ದರು. ರಾಮನ್ ಜೇಬಿನಲ್ಲಿ ನಿಕೋಲ್ ಪಟ್ಟಕ ಇತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಅಂದರೆ ಧ್ರುವೀಕೃತವಾಗಿರುತ್ತದೆ. ಪಟ್ಟಕವನ್ನು ತಿರುಗಿಸಿ ಅಂಥ ಬೆಳಕನ್ನು ತಡೆಯಬಹುದು. ನೀಲಿ ಕೇವಲ ಪ್ರತಿಫಲನವಾಗಿದ್ದರೆ ಅದನ್ನು ತಡೆದಾಗ ಸಮುದ್ರ ಮಂಕಾಗಬೇಕಿತ್ತು. ಮಂಕಾಗುವ ಬದಲು ನೀಲಿ ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ಬೊಂಬಾಯಿ ಬಂದರು ತಲುಪುವ ಹೊತ್ತಿಗೆ 'ನೇಚರ್' ಪತ್ರಿಕೆಗೆ ಬರೆದರು.

ಇಷ್ಟಾದರೂ ಇದು ರಾಮನ್ ಪರಿಣಾಮ ಅಲ್ಲ. ಇಲ್ಲಿ ಬೆಳಕು ಚದುರುತ್ತದೆ, ಆದರೆ ಚದುರಿದ ಬೆಳಕಿನ ಬಣ್ಣ ಬದಲಾಗುವುದಿಲ್ಲ. ನೀಲಿ ಬಿದ್ದರೆ ನೀಲಿಯೇ ಹೊರಬರುತ್ತದೆ.

ಕಲ್ಕತ್ತಾದ ಬೌಬಜಾರ್ ಬೀದಿಯ ಪ್ರಯೋಗಾಲಯದಲ್ಲಿ 1923ರಲ್ಲಿ ರಾಮನ್ ಅವರ ಸಹೋದ್ಯೋಗಿ ಕೆ.ಆರ್. ರಾಮನಾಥನ್ ದ್ರವಗಳಲ್ಲಿ ಚದುರುವ ಬೆಳಕನ್ನು ಅಳೆಯುತ್ತಿದ್ದರು. ಅವರ ಉಪಾಯ ಹೈಸ್ಕೂಲು ಮಗುವಿಗೆ ಪೂರ್ತಿ ಅರ್ಥವಾಗುವಂಥದ್ದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಎರಡು ಬಣ್ಣದ ಗಾಜು ತೆಗೆದುಕೊಳ್ಳಿ. ಒಂದು ನೇರಳೆ-ನೀಲಿಯನ್ನು ಮಾತ್ರ ಬಿಡುತ್ತದೆ, ಇನ್ನೊಂದು ಹಳದಿ-ಹಸಿರನ್ನು ಮಾತ್ರ. ಎರಡನ್ನೂ ಒಂದರ ಹಿಂದೊಂದು ಇಟ್ಟರೆ ಏನೂ ಹಾಯುವುದಿಲ್ಲ, ಕತ್ತಲು. ಈಗ ನೀಲಿ ಗಾಜಿನ ಮೂಲಕ ಸೂರ್ಯನ ಬೆಳಕನ್ನು ದ್ರವಕ್ಕೆ ಹಾಯಿಸಿ. ದ್ರವದೊಳಗೆ ಬೆಳಕಿನ ಹಾದಿ ನೀಲಿ ಗೆರೆಯಾಗಿ ಕಾಣುತ್ತದೆ. ಹಳದಿ ಗಾಜನ್ನು ಕಣ್ಣಿನ ಮುಂದೆ ಹಿಡಿದು ನೋಡಿ. ಚದುರಿದ್ದು ಬರೀ ನೀಲಿಯಾದರೆ ಗೆರೆ ಮಾಯವಾಗಬೇಕು.

ಪೂರ್ತಿ ಮಾಯವಾಗಲಿಲ್ಲ. ತೀರಾ ಮಂದವಾದ ಬೆಳಕು ಉಳಿಯಿತು.

ಗಾಜು ಸೋರುತ್ತಿದೆಯೇ? ಅದಕ್ಕೂ ಪರೀಕ್ಷೆ ಇದೆ. ಹಳದಿ ಗಾಜನ್ನು ಕಣ್ಣಿನ ಮುಂದಿನಿಂದ ತೆಗೆದು, ದ್ರವಕ್ಕೆ ಬೀಳುವ ಬೆಳಕಿನ ದಾರಿಯಲ್ಲಿ, ನೀಲಿ ಗಾಜಿನ ಪಕ್ಕದಲ್ಲಿ ಇಡಬೇಕು. ಗಾಜುಗಳು ಸೋರುತ್ತಿದ್ದರೆ ಆಗಲೂ ಅಷ್ಟೇ ಬೆಳಕು ಕಾಣಬೇಕು, ಏಕೆಂದರೆ ಬೆಳಕು ದಾಟಬೇಕಾದ ಗಾಜುಗಳು ಅವೇ ಎರಡು. ಜಾಗ ಬದಲಿಸಿದಾಗ ಬೆಳಕು ಹೋಗಿಬಿಟ್ಟರೆ, ಕಂಡಿದ್ದ ಹಸಿರು ಹೊರಗಿನಿಂದ ಬಂದದ್ದಲ್ಲ, ದ್ರವದ ಒಳಗೆ ಹುಟ್ಟಿದ್ದು. ರಾಮನಾಥನ್ ಕಂಡ ಬೆಳಕು ದ್ರವದ ಒಳಗೆ ಹುಟ್ಟಿದ್ದಾಗಿತ್ತು.

ಮೊದಲಿಗೆ ಅದನ್ನು ಹೊಸ ವಿದ್ಯಮಾನ ಎಂದು ಯಾರೂ ಕುಣಿಯಲಿಲ್ಲ. ದ್ರವದಲ್ಲಿ ಕಸ ಇದ್ದೀತು, ಆ ಕಸ ಪ್ರತಿದೀಪ್ತಿಯಿಂದ ಹೊಳೆಯುತ್ತಿದ್ದೀತು ಎಂದುಕೊಂಡರು. ಕೆಲವು ವಸ್ತುಗಳು ನೀಲಿಯನ್ನು ಹೀರಿ ಹಸಿರನ್ನು ಉಗುಳುವುದು ಆಗಲೇ ಗೊತ್ತಿತ್ತು. ಈ ಅನುಮಾನ ನ್ಯಾಯವಾದದ್ದೇ. ಕಸವಾದರೆ ಶುದ್ಧ ಮಾಡಿದಷ್ಟೂ ಹೊಳಪು ಕುಗ್ಗಬೇಕು. ನಿರ್ವಾತದಲ್ಲಿ ನಿಧಾನವಾಗಿ ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಹೊಳಪು ಕುಗ್ಗಲಿಲ್ಲ. ಕೆ.ಎಸ್. ಕೃಷ್ಣನ್ ಬೇರೆ ಬೇರೆ ದ್ರವಗಳಲ್ಲಿ ನೋಡಿದರು, ಅಲ್ಲೂ ಇತ್ತು. ಕೊನೆಗೆ ಎಸ್. ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್‌ನಲ್ಲಿ ನೋಡಿದಾಗ ಹಸಿರು ಎದ್ದು ಕಂಡಿತು, ಮತ್ತು ಅದು ಬಲವಾಗಿ ಧ್ರುವೀಕೃತವಾಗಿತ್ತು. ಕಸದ ಸಾಮಾನ್ಯ ಪ್ರತಿದೀಪ್ತಿ ಹಾಗೆ ಧ್ರುವೀಕೃತವಾಗಿರುವುದಿಲ್ಲ. ಹಳೆಯ ವಿವರಣೆ ಕುಸಿದದ್ದು ಅಲ್ಲಿ.

1928ರ ಫೆಬ್ರವರಿಯಲ್ಲಿ ರಾಮನ್ ಮತ್ತು ಕೃಷ್ಣನ್ 18 ಸೆಂಟಿಮೀಟರ್ ಅಗಲದ ದೂರದರ್ಶಕದ ಮಸೂರದಿಂದ ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ, ಸುಮಾರು ಅರವತ್ತು ದ್ರವಗಳಲ್ಲಿ ಅದೇ ಗಾಜಿನ ಪರೀಕ್ಷೆ ಮಾಡಿದರು. ಬೆಳಕನ್ನು ಗುರುತಿಸುವ ಉಪಕರಣ ಎಂದರೆ ಕಣ್ಣು. 28ರಂದು ವರ್ಣದರ್ಶಕದಲ್ಲಿ ನೋಡಿದಾಗ, ಬಿದ್ದ ಬೆಳಕಿಗೂ ಬದಲಾದ ಬೆಳಕಿಗೂ ನಡುವೆ ಕಪ್ಪು ಅಂತರ ಸ್ಪಷ್ಟವಾಗಿ ಕಂಡಿತು. ಮಾರ್ಚ್ 16ರಂದು ರಾಮನ್ ಇದನ್ನೆಲ್ಲ ವಿವರಿಸಿ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ.

ಅಂಥ ಬೆಳಕು ಎಷ್ಟು ಅಲ್ಪ ಎಂದರೆ, ದ್ರವಕ್ಕೆ ಬಿದ್ದ ಬೆಳಕಿನ ಕಣಗಳಲ್ಲಿ ಸರಿಸುಮಾರು ಕೋಟಿಗೊಂದು ಮಾತ್ರ ಹೀಗೆ ಬಣ್ಣ ಬದಲಿಸುತ್ತದೆ. 1923ರಲ್ಲಿ ರಾಮನಾಥನ್, ಬರಬಾರದ ಜಾಗದಲ್ಲಿ ಬಂದ ಆ ಮಂಕು ಬೆಳಕನ್ನು ತಪ್ಪು ರೀಡಿಂಗ್ ಎಂದು ಬಿಟ್ಟಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಅವರು ಅದನ್ನು ಕಾರಣ ಗೊತ್ತಿಲ್ಲದಿದ್ದರೂ ಬರೆದಿಟ್ಟರು. ಅವರು ಕೊಟ್ಟ ವಿವರಣೆ ತಪ್ಪಾಗಿತ್ತು, ಬರೆದಿಟ್ಟ ರೀಡಿಂಗ್ ಸರಿಯಾಗಿತ್ತು. ಫೆಬ್ರವರಿ 28ರಂದು ಮಕ್ಕಳಿಗೆ ಹೇಳಬೇಕಾದದ್ದು ಇದನ್ನು ಎಂದು ನನ್ನ ನಂಬಿಕೆ. ಸಮುದ್ರ ಯಾಕೆ ನೀಲಿ ಎಂದು ಕೇಳುವುದು ಐದು ವರ್ಷದ ಮಗುವಿಗೂ ಬರುತ್ತದೆ. ಹಳದಿ ಗಾಜಿನ ಹಿಂದೆ ಉಳಿದ ಬೆಳಕನ್ನು ಅಳಿಸದೆ ಇಟ್ಟುಕೊಳ್ಳುವುದನ್ನು ಕಲಿಸಬೇಕಾಗುತ್ತದೆ, ನಾವು ಅದಕ್ಕೆ ವಿರುದ್ಧವಾದುದನ್ನು ಕಲಿಸುತ್ತಿದ್ದೇವೆ.

ಓಮನ ವಿಷಯವೂ ಇದೇ. ಜರ್ಮನಿಯ ಶಾಲಾ ಮೇಷ್ಟ್ರು ಗೆಯಾರ್ಗ್ ಓಮ್ 1825ರಲ್ಲಿ ಮೊದಲು ಪ್ರಕಟಿಸಿದ ನಿಯಮ ನಾವು ಇಂದು ಓದುವ ನೇರ ರೇಖೆಯದ್ದಲ್ಲ, ಅದು ತಪ್ಪಾಗಿತ್ತು. ಆಗಿನ ಸೆಲ್‌ಗಳ ವೋಲ್ಟೇಜು ಪ್ರಯೋಗದ ನಡುವೆಯೇ ಇಳಿಯುತ್ತಿತ್ತು. ಪೊಗ್ಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮ್ ಸೆಲ್ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಿಯ ಒಂದು ತುದಿಯನ್ನು ಕಾಯಿಸಿ ಇನ್ನೊಂದನ್ನು ತಣ್ಣಗಿಟ್ಟು ಸ್ಥಿರವಾದ ವಿದ್ಯುತ್ ಪಡೆದರು. ಆಗ 1826ರಲ್ಲಿ ಸರಿಯಾದ ಸಂಬಂಧ ಸಿಕ್ಕಿತು. ನಮ್ಮ ಮಕ್ಕಳು ಸುಸ್ತಾದ ಸೆಲ್ಲಿನಿಂದ ವಕ್ರವಾದ ರೀಡಿಂಗ್ ಪಡೆದಾಗ, ಅವರು ಓಮ್ ನಿಂತಿದ್ದ ಜಾಗದಲ್ಲೇ ನಿಂತಿರುತ್ತಾರೆ. ಸೆಲ್ ಹೊಸದೇ, ತಂತಿಯ ತುದಿ ಸಡಿಲವೇ, ಕೀಲಿಯನ್ನು ತುಂಬಾ ಹೊತ್ತು ಒತ್ತಿ ತಂತಿ ಕಾಯ್ದಿದೆಯೇ ಎಂದು ಕೇಳುವ ಅವಕಾಶ ಅದು. "15 ಬರ್ಬೇಕು, ಹಾಕ್ಕೊಳ್ಳಿ" ಎಂದರೆ ಆ ಅವಕಾಶ ಮುಗಿಯಿತು.

ಹಾಗೆ ಹೇಳುವ ಶಿಕ್ಷಕರ ಮೇಲೆ ಕಲ್ಲೆಸೆಯಲು ನಾನು ಹೊರಟಿಲ್ಲ. ನಲವತ್ತು ನಿಮಿಷದ ಪೀರಿಯಡ್ಡು, ಐವತ್ತು ಮಕ್ಕಳು, ಎರಡು ಅಮ್ಮೀಟರು, ಅದರಲ್ಲಿ ಒಂದರ ಮುಳ್ಳು ಸೊನ್ನೆಗೆ ಬಂದು ಕೂರುವುದಿಲ್ಲ. ಆಂತರಿಕ ಅಂಕಕ್ಕೆ ರೆಕಾರ್ಡ್ ಬೇಕು, ಸಹಿ ಬೇಕು, ತಪಾಸಣೆಗೆ ಅಚ್ಚುಕಟ್ಟಾಗಿರಬೇಕು. ಪ್ರಯೋಗದ ವಿಡಿಯೊ ತೋರಿಸಿದರೆ ಕೆಲಸ ಮುಗಿದಂತೆ. ವಿಡಿಯೊದಲ್ಲಿ ಸೆಲ್ ಯಾವತ್ತೂ ಸುಸ್ತಾಗುವುದಿಲ್ಲ, ತಂತಿ ಸಡಿಲಾಗುವುದಿಲ್ಲ, ಎಲ್ಲ ಮಕ್ಕಳಿಗೂ ಒಂದೇ ಉತ್ತರ ಬರುತ್ತದೆ. ಇದನ್ನು ಪ್ರಯೋಗ ಎಂದು ಕರೆಯುವುದು ನಿಲ್ಲಬೇಕು.

ಹಾನಿ ಎಷ್ಟು ದೂರ ಹೋಗಿದೆ ಎಂದು ನೋಡಲು ಸಮಿತಿ ಬೇಕಾಗಿಲ್ಲ, ಮುಖ್ಯೋಪಾಧ್ಯಾಯರು ಒಂದು ಮಧ್ಯಾಹ್ನ ರೆಕಾರ್ಡುಗಳನ್ನು ಎದುರಿಗೆ ಹಾಕಿಕೊಂಡು ಕೂತರೆ ಸಾಕು. ಮುಳ್ಳಿನ ಮೀಟರನ್ನು ಕಣ್ಣಿನಿಂದ ಓದಿದರೆ ಒಂದೇ ಮಂಡಲವನ್ನು ಓದಿದ ಇಬ್ಬರ ರೀಡಿಂಗ್ ಕೊನೆಯ ಅಂಕಿಯಲ್ಲಾದರೂ ಆಗಾಗ ಬೇರೆಯಾಗುತ್ತದೆ. ಇಡೀ ತರಗತಿಯಲ್ಲಿ ಅದು ಎಲ್ಲೂ ಬೇರೆಯಾಗದಿದ್ದರೆ ಮೀಟರನ್ನು ನೋಡಿದವರು ಕಡಿಮೆ. ವೋಲ್ಟೇಜಿನ ಸಾಲಿನಲ್ಲಿ 1.5, 3.0, 4.5, 6.0 ಎಂದು ಮಗ್ಗಿಯಂತೆ ಬಂದಿದ್ದರೆ ಅದು ಸೆಲ್ಲಿನ ಮೇಲಿನ ಚೀಟಿಯನ್ನು ಓದಿ ಬರೆದದ್ದು. ನಕ್ಷೆಯ ಪ್ರತಿ ಬಿಂದುವೂ ಗೆರೆಯ ಮೇಲೆಯೇ ಕೂತಿದ್ದರೆ, ಮೊದಲು ಗೆರೆ ಎಳೆದು ಆಮೇಲೆ ಬಿಂದು ಇಟ್ಟಿರುತ್ತಾರೆ. ಇಡೀ ವರ್ಷದ ಪುಸ್ತಕದಲ್ಲಿ ಗೀಟು ಹಾಕಿದ ಒಂದು ಅಂಕಿಯೂ ಇಲ್ಲದಿದ್ದರೆ ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಹೆದರಿಕೆ ಏಕೆಂದರೆ ಈ ಮಕ್ಕಳೇ ಇನ್ನು ಎಂಟು ಹತ್ತು ವರ್ಷದಲ್ಲಿ ನೀರು ಪರೀಕ್ಷೆ, ರಕ್ತ ಪರೀಕ್ಷೆ, ಮಣ್ಣು ಪರೀಕ್ಷೆಯ ಮೇಜಿನ ಹಿಂದೆ ಕೂರುತ್ತಾರೆ. ನಮ್ಮ ಕೋಲಾರ, ತುಮಕೂರು ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಎಲ್ಲರಿಗೂ ಗೊತ್ತಿರುವ ಸಂಕಟ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಪ್ಪಬಹುದು, ಬೇರೆ ನೀರೇ ಸಿಗದಿದ್ದರೆ ಒಂದೂವರೆಯವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಕಳೆದ ಸಲ 0.9 ಬಂದಿದ್ದ ಬಾವಿಯಲ್ಲಿ ಬೇಸಿಗೆಗೆ ಅಂತರ್ಜಲ ಇಳಿದ ಮೇಲೆ 1.8 ಬಂತು ಎಂದಿಟ್ಟುಕೊಳ್ಳಿ. ಮೇಜಿನ ಹಿಂದೆ ಇರುವವರ ಮನಸ್ಸಿನಲ್ಲಿ ಆಗ ಎದ್ದೇಳುವುದು ಯಾವುದು? ಇನ್ನೊಂದು ಮಾದರಿ ತಂದು ನೋಡೋಣ ಎಂಬುದೋ, "ತಪ್ಪು ಬಂದಿದೆ, ಸರಿ ಮಾಡೋಣ" ಎಂಬುದೋ? ಹತ್ತನೇ ತರಗತಿಯಲ್ಲಿ ಬಲ್ಬಿನ ಕೋಷ್ಟಕದ ಮೇಲೆ ಕೈ ಯಾವ ಕಡೆ ಹೋಗಿತ್ತೋ, ಅಲ್ಲೂ ಆ ಕಡೆಗೇ ಹೋಗುವ ಸಾಧ್ಯತೆ ಹೆಚ್ಚು. ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಲು ಕೆಲವು ವರ್ಷ ಬೇಕು. ಅಷ್ಟರಲ್ಲಿ ಆ ದಿನದ ರೀಡಿಂಗ್ ಯಾರ ನೆನಪಿನಲ್ಲೂ ಇರುವುದಿಲ್ಲ.

ಹಾಗಾಗಿ ಈ ಸಲದ ಭಾಷಣದ ಬಗ್ಗೆ ನನ್ನದೊಂದು ಕೋರಿಕೆ. ವೇದಿಕೆಯ ಮೇಲೆ ಮೈಕಿನ ಪಕ್ಕದಲ್ಲಿ ಒಂದು ಮೇಜು ಹಾಕಿಸಿ, ರಾಮನಾಥನ್ ಅವರ ಗಾಜಿನ ಪರೀಕ್ಷೆಯನ್ನೇ ಮಾಡಿ ತೋರಿಸಿ. ರಾಮನ್ ಪರಿಣಾಮವನ್ನು ಬರಿಗಣ್ಣಿಗೆ ಶಾಲೆಯಲ್ಲಿ ತೋರಿಸುವುದು ಕಷ್ಟ, ಅದು ಕೋಟಿಗೊಂದರ ಲೆಕ್ಕ. ಆದರೆ ಅದನ್ನು ಹಿಡಿದ ಉಪಾಯವನ್ನು ತೋರಿಸಬಹುದು. ಬೇಕಾಗಿರುವುದು ಒಂದು ನೀಲಿ ಎಲ್‌ಇಡಿ, ಎರಡು ಗಾಜಿನ ಲೋಟ, ಹಳದಿ ಹೈಲೈಟರ್ ಪೆನ್ನು, ಒಂದು ಹನಿ ಹಾಲು, ಉಡುಗೊರೆಗೆ ಸುತ್ತುವ ಪಾರದರ್ಶಕ ಹಳದಿ ಹಾಳೆ. ಬಿಳಿ ಟಾರ್ಚಿಗೆ ನೀಲಿ ಹಾಳೆ ಸುತ್ತಿದರೆ ಆಗುವುದಿಲ್ಲ, ಅದರಿಂದ ಹಸಿರು, ಕೆಂಪು ಎಲ್ಲ ಸೋರುತ್ತದೆ. ಮೊದಲು ಹಳದಿ ಹಾಳೆಯ ಮೂಲಕ ಎಲ್‌ಇಡಿಯನ್ನು ನೋಡಿ. ಬಹುತೇಕ ಆರಿಹೋದಂತೆ ಕಾಣಬೇಕು. ಕಾಣದಿದ್ದರೆ ಹಾಳೆಯನ್ನು ಎರಡು, ನಾಲ್ಕು ಪದರ ಮಡಿಸಿ.

ಸಭಾಂಗಣದ ಕಿಟಕಿ ಮುಚ್ಚಿ. ಒಂದು ಲೋಟದ ನೀರಿಗೆ ಹಾಲಿನ ಹನಿ, ಇನ್ನೊಂದಕ್ಕೆ ಹೈಲೈಟರಿನ ತುದಿಯನ್ನು ಅದ್ದಿ ತೆಗೆಯಿರಿ. ಪಕ್ಕದಿಂದ ನೀಲಿ ಬೆಳಕು ಹಾಯಿಸಿ. ಹಾಲಿನ ಲೋಟದಲ್ಲಿ ನೀಲಿ ಹಾದಿ ಕಾಣುತ್ತದೆ, ಹೈಲೈಟರ್ ಲೋಟದಲ್ಲಿ ಹಸಿರು-ಹಳದಿ. ಹಳದಿ ಹಾಳೆಯನ್ನು ಕಣ್ಣ ಮುಂದೆ ಹಿಡಿದರೆ ಹಾಲಿನದು ಅಡಗುತ್ತದೆ, ಹೈಲೈಟರಿನದು ಉಳಿಯುತ್ತದೆ. ಆಗ ಮಕ್ಕಳಲ್ಲಿ ಒಬ್ಬರಾದರೂ, ಹಾಳೆಯೇ ಹಳದಿ ಅಲ್ವಾ ಸರ್, ಅದಕ್ಕೇ ಹಾಗೆ ಕಾಣ್ತಿದೆ ಎನ್ನುತ್ತಾರೆ. ಅದಕ್ಕೆ ಬಾಯಿಂದ ಉತ್ತರ ಕೊಡಬೇಡಿ. ಹಾಳೆಯನ್ನು ಆ ಮಗುವಿನ ಕೈಗೇ ಕೊಟ್ಟು, ಎಲ್‌ಇಡಿಯ ಮುಂದೆ ಹಿಡಿಯಲು ಹೇಳಿ. ಎರಡೂ ಲೋಟ ಕತ್ತಲಾಗುತ್ತವೆ.

ಇನ್ನೊಂದು ಸಂಗತಿ ಆಗಬಹುದು, ಆದರೆ ಅದನ್ನು ಮುಚ್ಚಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ಹಳದಿ ಹಾಳೆಯ ಹಿಂದಿನಿಂದ ನೋಡುವ ಮುಂದಿನ ಸಾಲಿನ ಮಗುವಿಗೆ ಹಾಲಿನ ಲೋಟದಲ್ಲೂ ಏನೋ ಮಂಕು ಹಸಿರು ಉಳಿದಂತೆ ಅನ್ನಿಸೀತು. ಅದು ಹಾಳೆ ಸೋರುತ್ತಿರುವುದೂ ಇರಬಹುದು. ಹಾಲಿನಲ್ಲಿ ರೈಬೋಫ್ಲೇವಿನ್ ಎಂಬ ಜೀವಸತ್ವ ಇದೆ, ನೀಲಿ ಬಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ, ಅದೂ ಇರಬಹುದು. ಹಾಳೆಯನ್ನು ಎಲ್‌ಇಡಿ ಕಡೆಗೆ ಒಂದು ಸಲ, ಕಣ್ಣಿನ ಕಡೆಗೆ ಒಂದು ಸಲ ಇಟ್ಟು ಯಾವಾಗ ಬೆಳಕು ಹೆಚ್ಚು ಎಂದು ನೋಡಲಿ. ಹಾಲು ಎರಡು ಹನಿ ಮಾಡಲಿ, ಮೊಸರಿನ ಮೇಲೆ ನಿಲ್ಲುವ ತಿಳಿನೀರಲ್ಲೂ ನೋಡಲಿ. ವಂದನಾರ್ಪಣೆ ಹತ್ತು ನಿಮಿಷ ತಡವಾಗಲಿ. ಕಂಡದ್ದನ್ನು ರೆಕಾರ್ಡಿನಲ್ಲಿ ಪೆನ್ನಿನಿಂದ ಬರೆಸಿ, ಅದರ ಕೆಳಗೆ ಸಹಿ ಮಾಡಿ.